‘ಯಾವ ಕೆಲಸ ಇದ್ದರೂ ಸರಿ’ ಅನ್ನೋ ಸಾಲನ್ನು ತೆಗೆದ ಮೇಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ನಾಲ್ಕು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಆರ್ಡರ್ ಕಡಿಮೆಯಾಗಿ ಎರಡನೇ ಶಿಫ್ಟ್ ನಿಂತಿತು, ಅದರ ಜೊತೆ ನನ್ನ ಕೆಲಸವೂ ಹೋಯಿತು. ಎರಡು ತಿಂಗಳು ಅಲ್ಲಿ ಇಲ್ಲಿ ಕೇಳಿದೆ. ಆಮೇಲೆ ಒಂದು ರಾತ್ರಿ ಕೂತು, ನಮ್ಮ ಕಡೆಯ ಶಾಪ್‌ನವರೆಲ್ಲ ಇರುವ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಬರೆದು ಹಾಕಿದೆ:

“ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಕೆಲಸವಿಲ್ಲ. ಮನೆ ಪರಿಸ್ಥಿತಿ ತುಂಬಾ ಕಷ್ಟ ಇದೆ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಯಾವ ಕೆಲಸ ಇದ್ದರೂ, ಎಷ್ಟು ಸಂಬಳ ಕೊಟ್ಟರೂ ಮಾಡುತ್ತೇನೆ. ದಯವಿಟ್ಟು ಯಾರಾದರೂ ಸಹಾಯ ಮಾಡಿ.”

ಕೈ ಮುಗಿಯುವ ಚಿಹ್ನೆಗಳು ಬೇಕಾದಷ್ಟು ಬಂದವು. ಫೋನ್ ಬಂದದ್ದು ಮೂರೇ. ಒಬ್ಬರು ಇನ್ಶೂರೆನ್ಸ್ ಮಾಡಿಸುವವರು. ಇನ್ನೊಬ್ಬರು ನೌಕರಿ ಕೊಡಿಸ್ತೀವಿ, ಮೊದಲು 1,500 ರೂಪಾಯಿ ರಿಜಿಸ್ಟ್ರೇಶನ್ ಕಟ್ಟಿ ಅಂದರು. ಕಷ್ಟದಲ್ಲಿರುವವನ ನಂಬರ್ ಯಾರಿಗೆ ಬೇಕು ಅಂತ ಆಗ ಗೊತ್ತಾಯಿತು. ಮೂರನೆಯವರದು ನಿಜವಾದ ಫೌಂಡ್ರಿ. ಆದರೆ ಅವರು ಕರೆದದ್ದು ಕಾಸ್ಟಿಂಗ್ ಉಜ್ಜುವ ಹೆಲ್ಪರ್ ಕೆಲಸಕ್ಕೆ. ಸಂಬಳ ಕೇಳಿದಾಗ, “ಎಷ್ಟು ಕೊಟ್ಟರೂ ಅಂತ ನೀವೇ ಬರದೀರಲ್ರೀ” ಅಂದರು. ಅವರ ತಪ್ಪೇನಿಲ್ಲ. ಬರೆದವನು ನಾನೇ.

ಅನಗೋಳದಲ್ಲಿ ನಮ್ಮ ಮನೆ ಪಕ್ಕ ಒಬ್ಬ ಕಾಕಾ ಇದ್ದಾರೆ. ಟೂಲ್‌ರೂಮ್‌ನಲ್ಲಿ ಫೋರ್‌ಮನ್ ಆಗಿ ರಿಟೈರ್ ಆದವರು, ಎಷ್ಟೋ ಹುಡುಗರನ್ನು ಕೆಲಸಕ್ಕೆ ತಗೊಂಡವರು. ಅವರಿಗೆ ಮೆಸೇಜ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ತಮ್ಮಾ, ನಿನಗ ತ್ರಾಸ ಐತಿ ಅಂತ ತಿಳೀತು. ನಿನಗ ಏನ್ ಬರತೈತಿ ಅಂತ ಇದರಾಗ ಎಲ್ಲೈತಿ?”

ಡಿಪ್ಲೊಮಾ ಅಂತ ಬರೆದೀನಲ್ಲ ಕಾಕಾ ಅಂದೆ. ಅದು ಸಾವಿರ ಮಂದಿಗೆ ಐತಿ ಅಂದರು. ಒಂದು ನೋಟ್‌ಬುಕ್ ಕೊಟ್ಟು, ಕೆಲಸದಲ್ಲಿದ್ದಾಗಿನ ಯಾವುದಾದರೂ ಒಂದು ದಿನ ಹಿಡಿ, ಪಂಚ್ ಮಾಡಿದಾಗಿನಿಂದ ಕೈಯಲ್ಲಿ ಏನೇನು ಹಿಡಿದೆ ಅಂತ ಬರಿ ಅಂದರು.

ಬರೆಯಲು ಕೂತಾಗ ನನಗೇ ಆಶ್ಚರ್ಯ. ನಮ್ಮಲ್ಲಿ ಹೈಡ್ರಾಲಿಕ್ ವಾಲ್ವ್ ಬಾಡಿ ಆಗುತ್ತಿತ್ತು. ಅದರಲ್ಲಿ ಸ್ಪೂಲ್ ಅನ್ನೋ ಕಡ್ಡಿ ಓಡಾಡುವ ರಂಧ್ರ, ಅಂದರೆ ಬೋರ್, 16 ಎಂಎಂ, ಟಾಲರೆನ್ಸ್ ಎಚ್7. ಅಂದರೆ 16.000ಕ್ಕಿಂತ ಸಣ್ಣದಾಗಬಾರದು, 16.018 ದಾಟಬಾರದು. ಶಿಫ್ಟ್ ಶುರುವಾದಾಗ ಮೊದಲ ಪೀಸ್ ನಾನು ನೋಡಿ ಸಹಿ ಹಾಕಿದ ಮೇಲೇ ಮಷಿನ್ ಮುಂದೆ ಓಡಬೇಕು. ಏರ್ ಗೇಜ್, ಬೋರ್ ಗೇಜ್, ಹೈಟ್ ಗೇಜ್ ದಿನಾ ಕೈಯಲ್ಲಿ. ಇವೆಲ್ಲ ಎಲ್ಲರಿಗೂ ಬರೋದೇ ಅಂತ ಸುಮ್ನೆ ಬಿಟ್ಟಿದ್ದೆ. ಆದರೆ ಕೆಲಸ ಕೊಡುವವರು ಹುಡುಕುವುದು ಇದನ್ನೇ ಅಲ್ವಾ?

ಆದರೆ ಅದನ್ನು ಸಾಲಾಗಿಸುವಾಗ ಮತ್ತೊಂದು ತಪ್ಪು ಮಾಡಿದೆ. ‘ಹಾರ್ಡ್ ವರ್ಕಿಂಗ್, ಡೈನಾಮಿಕ್, ಟೀಮ್ ಪ್ಲೇಯರ್’ ಅಂತ ತುಂಬಿಸಿದೆ. ಕಾಕಾ ಒಂದೊಂದನ್ನೂ ಪೆನ್ನಿನಿಂದ ಹೊಡೆದು ಹಾಕಿದರು. ಗೇಜ್‌ನಿಂದ ಅಳೆಯಲು ಬಾರದ್ದು ಬೇಡ ಅಂದರು.

ಜಾಸ್ತಿ ಹೊತ್ತು ಹಿಡಿದದ್ದು ಒಂದೇ ಸಾಲು. ನಾನು ಮಾಡಿದ ಕೆಲಸದಿಂದ ಶಾಪ್‌ಗೆ ಏನಾಯಿತು ಅನ್ನೋ ಸಾಲು. ಒಮ್ಮೆ ಆ ಬೋರ್‌ಗಳು ಓವಲ್ ಆಗಿ ಬರುತ್ತಿದ್ದವು. ಮಷಿನ್ ಮೇಲೆ ನೋಡಿದರೆ ದುಂಡಗೆ, ಕೆಳಗಿಳಿಸಿ ನೋಡಿದರೆ ಓವಲ್. ಏರ್ ಗೇಜನ್ನು ಒಂದು ದಿಕ್ಕಿನಲ್ಲಿ ಹಾಕಿ ಓದಿ, 90 ಡಿಗ್ರಿ ತಿರುಗಿಸಿ ಮತ್ತೆ ಓದಿದೆ. ಹತ್ತು ಪೀಸ್‌ನಲ್ಲೂ ಕ್ಲ್ಯಾಂಪ್ ಒತ್ತುವ ದಿಕ್ಕಿನಲ್ಲೇ ವ್ಯತ್ಯಾಸ. ಫಿಕ್ಸ್‌ಚರ್ ಗಟ್ಟಿಯಾಗಿ ಹಿಡಿದಾಗ ಬಾಡಿ ಸ್ವಲ್ಪ ಬಾಗುತ್ತಿತ್ತು, ಆ ಸ್ಥಿತಿಯಲ್ಲೇ ಬೋರ್ ಆಗುತ್ತಿತ್ತು, ಬಿಟ್ಟ ಕೂಡಲೇ ಬಾಡಿ ಮೊದಲಿನಂತಾಗಿ ಬೋರ್ ಓವಲ್ ಆಗುತ್ತಿತ್ತು. ಕ್ಲ್ಯಾಂಪಿನ ಒತ್ತಡ ಕಡಿಮೆ ಮಾಡಿದ ಮೇಲೆ ಶಿಫ್ಟಿಗೆ ಹತ್ತರಷ್ಟಿದ್ದ ರಿಜೆಕ್ಷನ್ ಒಂದೆರಡಕ್ಕೆ ಬಂತು.

ಮೊದಲು ‘ರಿಜೆಕ್ಷನ್ ಕಡಿಮೆ ಮಾಡಿದೆ’ ಅಂತ ಬರೆದೆ. ಕಾಕಾ ಕೇಳಿದರು, “ಕ್ಲ್ಯಾಂಪ್ ಪ್ರೆಶರ್ ನೀ ಇಳಿಸಿದೇನು?” ಇಲ್ಲ, ಅದನ್ನು ಮಾಡಿದ್ದು ಮಷಿನ್ ಹೊಂದಿಸುವ ಸೆಟ್ಟರ್. ಕಾರಣ ಹಿಡಿದದ್ದು ನಾನು. ಹಾಗಾದರೆ ಅಷ್ಟೇ ಬರಿ ಅಂದರು. ಇಂಟರ್‌ವ್ಯೂನಲ್ಲಿ ಆ ಸಾಲಿನ ಮೇಲೇ ಪ್ರಶ್ನೆ ಬರುತ್ತೆ, ಆಗ ತಡವರಿಸಿದರೆ ಉಳಿದ ಸಾಲುಗಳನ್ನೂ ನಂಬಲ್ಲ ಅಂತ ಹೇಳಿದರು.

ಪ್ರೋಗ್ರಾಂ ಪ್ರಕಾರ ಪೀಸನ್ನು ತಾನೇ ಮುಟ್ಟಿ ಅಳೆಯುವ ಸಿಎಂಎಂ ಮಷಿನ್ ವಿಷಯದಲ್ಲೂ ಹೀಗೇ. ನಾನು ಸಿದ್ಧ ಪ್ರೋಗ್ರಾಂ ಓಡಿಸಿ ರಿಪೋರ್ಟ್ ತೆಗೆದಿದ್ದೇನೆ, ಪ್ರೋಗ್ರಾಂ ಬರೆದಿಲ್ಲ. ಬರೀ ‘ಸಿಎಂಎಂ ಬರುತ್ತದೆ’ ಅಂದರೆ ಓದುವವರು ಎರಡೂ ಬರುತ್ತೆ ಅಂದುಕೊಳ್ಳುತ್ತಾರೆ.

ಆಮೇಲೆ ಯಾವ ಕೆಲಸ ಬೇಕು ಅನ್ನೋದು. ಇದನ್ನು ಬರೆಯಲು ನನಗೆ ಹೆದರಿಕೆ ಇತ್ತು. ಒಂದೇ ಹುದ್ದೆ ಬರೆದರೆ ಬೇರೆ ಬಾಗಿಲು ಮುಚ್ಚುತ್ತವೆ ಅನಿಸುತ್ತಿತ್ತು. ವಿಎಂಸಿ ಆಪರೇಟರ್, ಸ್ಟೋರ್, ಸೂಪರ್‌ವೈಸರ್ ಅಂತ ಐದು ಬರೆದಿದ್ದೆ. ಆದರೆ ಗ್ರೂಪಿನಲ್ಲಿ ಓದುವವರು ಬಹಳ ಮಂದಿ ಮಾಲೀಕರಲ್ಲ. ನನ್ನಂಥವರೇ. ಅವರ ಶಾಪ್‌ನಲ್ಲಿ ಜಾಗ ಖಾಲಿಯಾದಾಗ ಥಟ್ಟನೆ ನನ್ನ ನೆನಪಾಗಬೇಕು. ಐದು ಹುದ್ದೆ ಬರೆದವನು ಯಾವುದಕ್ಕೂ ನೆನಪಾಗಲ್ಲ. ಎರಡೇ ಉಳಿಸಿದೆ, ಎರಡೂ ಒಂದೇ ದಾರಿಯವು.

ಕೊನೆಗೆ ಹಾಕಿದ್ದು ಇದು:

“ಕ್ವಾಲಿಟಿ ಇನ್‌ಸ್ಪೆಕ್ಟರ್, ಮಷಿನ್ ಶಾಪ್‌ನಲ್ಲಿ 4 ವರ್ಷ. ಕ್ವಾಲಿಟಿ ಇನ್‌ಸ್ಪೆಕ್ಟರ್ ಅಥವಾ ಜೂನಿಯರ್ ಕ್ವಾಲಿಟಿ ಎಂಜಿನಿಯರ್ ಕೆಲಸ ನೋಡುತ್ತಿದ್ದೇನೆ. ಉದ್ಯಮಬಾಗ, ಮಚ್ಛೆ, ಹೊನಗಾ.
ಹೈಡ್ರಾಲಿಕ್ ವಾಲ್ವ್ ಬಾಡಿಗಳ ಫಸ್ಟ್ ಪೀಸ್ ಮತ್ತು ಫೈನಲ್ ಇನ್‌ಸ್ಪೆಕ್ಷನ್ ಮಾಡಿದ್ದೇನೆ. ಏರ್ ಗೇಜ್, ಬೋರ್ ಗೇಜ್, ಹೈಟ್ ಗೇಜ್ ದಿನನಿತ್ಯ ಬಳಸಿದ್ದೇನೆ. ಸಿಎಂಎಂನಲ್ಲಿ ಸಿದ್ಧ ಪ್ರೋಗ್ರಾಂ ಓಡಿಸುತ್ತೇನೆ, ಪ್ರೋಗ್ರಾಂ ಬರೆಯುವುದನ್ನು ಕಲಿಯಬೇಕಿದೆ.
ಬೋರ್ ಓವಲ್ ಆಗಲು ಕ್ಲ್ಯಾಂಪಿಂಗ್ ಕಾರಣ ಅಂತ ಪತ್ತೆ ಮಾಡಿದೆ. ಸೆಟ್ಟರ್ ಸರಿಪಡಿಸಿದ ಮೇಲೆ ಶಿಫ್ಟಿಗೆ ಸುಮಾರು 10 ಇದ್ದ ರಿಜೆಕ್ಷನ್ 1–2ಕ್ಕೆ ಇಳಿಯಿತು.
ಹಿಂದಿನ ಶಾಪ್‌ನಲ್ಲಿ ಎರಡನೇ ಶಿಫ್ಟ್ ನಿಂತಿದ್ದರಿಂದ ಬಿಟ್ಟಿದ್ದೇನೆ. ಜೂನ್ 10ರಿಂದ ಬರಬಹುದು. ಪೀಸ್ ಮತ್ತು ಡ್ರಾಯಿಂಗ್ ಕೊಟ್ಟು ಟೆಸ್ಟ್ ತಗೊಂಡರೂ ಸರಿ.”

ಮೊದಲ ಸಾಲಿನಲ್ಲೇ ಹುದ್ದೆ ಇಟ್ಟಿದ್ದಕ್ಕೆ ಕಾರಣ ಇದೆ. ಉದ್ದ ಮೆಸೇಜನ್ನು ವಾಟ್ಸಾಪ್ ಮಧ್ಯದಲ್ಲೇ ಮಡಚಿಬಿಡುತ್ತೆ, ಒತ್ತಿ ತೆರೆಯುವವರು ಕಡಿಮೆ. ಲಿಂಕ್ಡ್‌ಇನ್‌ನಲ್ಲೂ ಹಾಗೇ, ಮೊದಲೆರಡು ಮೂರು ಸಾಲು ಮಾತ್ರ ಕಾಣುತ್ತವೆ. ಅಲ್ಲಿ ಹುದ್ದೆಯನ್ನು Quality Inspector ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ. ಎಚ್ಆರ್‌ನವರು ಹುಡುಕುವುದು ಆ ಪದ ಟೈಪ್ ಮಾಡಿ.

ಸಂಬಳ ಬರೆಯಲಿಲ್ಲ. ಮನಸ್ಸಿನಲ್ಲಿ ಒಂದು ಮೊತ್ತ ಇಟ್ಟುಕೊಂಡು ಫೋನಿನಲ್ಲಿ ಹೇಳಿದೆ. ಗ್ರಾಹಕ ಕಂಪನಿಯ ಹೆಸರು, ಡ್ರಾಯಿಂಗ್‌ನ ಫೋಟೋ ಎರಡನ್ನೂ ಹಾಕಲಿಲ್ಲ. ಅವು ಹಿಂದಿನ ಶಾಪ್‌ನ ಗುಟ್ಟು. ಹಾಕಿದರೆ ನಾಳೆ ನಮ್ಮದನ್ನೂ ಹೀಗೇ ಹಾಕ್ತಾನೆ ಅಂತ ಹೊಸಬರು ಅಂದುಕೊಳ್ಳುತ್ತಾರೆ.

ಈ ಸಲ ಬಂದ ಫೋನ್‌ಗಳೂ ಮೂರೇ. ಆದರೆ ಪ್ರಶ್ನೆಗಳೇ ಬೇರೆ. ಒಬ್ಬರಿಗೆ ಪ್ರೋಗ್ರಾಂ ಬರೆಯುವವರೇ ಬೇಕಿತ್ತು, ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಒಬ್ಬರು ಹೇಳಿದ ಸಂಬಳ ಹಿಂದಿನದಕ್ಕಿಂತ ಕಡಿಮೆ ಇತ್ತು, ಬೇಡ ಅಂದೆ. ಮೂರನೆಯವರು ಮಚ್ಛೆಗೆ ಕರೆದರು. ಮಷಿನ್‌ನಿಂದ ಆಗಷ್ಟೇ ಇಳಿದ ಒಂದು ಪೀಸ್ ಕೈಗಿಟ್ಟು, ಅಳೆಯಿರಿ ಅಂದರು. ಮುಟ್ಟಿದರೆ ಇನ್ನೂ ಬಿಸಿ. “ಸ್ವಲ್ಪ ಆರಲಿ ಸರ್, ಈಗ ಅಳೆದರೆ ದೊಡ್ಡದು ತೋರಿಸುತ್ತೆ” ಅಂದೆ. ಅವರು ಕುರ್ಚಿ ಎಳೆದು ಕೂರಿಸಿ, ಆ ಓವಲ್ ಬೋರಿನ ಕತೆ ಹೇಳಿ ಅಂದರು.