ಮಂಡಿ ಚೀಟಿಯ ಹಿಂದೆ ಬರೆದು ಕಲಿತ ಸಂಖ್ಯಾ ಸರಣಿ

ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಪ್ರಿಲಿಮ್ಸ್‌ನಲ್ಲಿ ಈ ಸಲ ನನಗೆ ಐದು ಸಂಖ್ಯಾ ಸರಣಿ ಬಂದಿದ್ದವು. ಹೊರಗೆ ಬಂದು ನೆನಪಿನಿಂದ ಬರೆದು ತಾಳೆ ನೋಡಿದೆವು. ಐದೂ ಸರಿ. ಎಲ್ಲ ಸೇರಿ ಮೂರೂವರೆ ನಿಮಿಷ ಹಿಡಿದಿರಬೇಕು. 45 ನಿಮಿಷಕ್ಕೆ 80 ಪ್ರಶ್ನೆ ಇರುವ ಕಡೆ ಇದು ಸಣ್ಣ ಮಾತಲ್ಲ. ನನ್ನ ರೂಮ್‌ಮೇಟ್ ಮಾತ್ರ ಎರಡು ದಿನ ನಂಬಲಿಲ್ಲ. 'ನಿನ್ನ ಚೀಟಿ ಲೆಕ್ಕ ಪರೀಕ್ಷೇಲಿ ನಡೆಯಲ್ಲ ಕಣೋ' ಅಂತ ಒಂದು ವರ್ಷದಿಂದ ಹೇಳುತ್ತಿದ್ದವನು ಅವನೇ.

ಅವನು ಹಾಗೆ ಹೇಳುವುದಕ್ಕೂ ಕಾರಣವಿತ್ತು. ಎರಡು ವರ್ಷದ ಹಿಂದೆ ತುಮಕೂರಿಗೆ ಬಂದು ಒಂದು ಕೋಚಿಂಗ್‌ಗೆ ಸೇರಿದ್ದೆ. ಫೀಸು ಹದಿನಾಲ್ಕು ಸಾವಿರದ ಹತ್ತಿರ. ಅಮ್ಮ ಸಂಘದಲ್ಲಿ ಸಾಲ ತೆಗೆದು ಕೊಟ್ಟಿದ್ದು. ಮೂರು ಗೈಡ್‌ಗೆ ಇನ್ನೊಂದು ಸಾವಿರ, ಸಾವಿರದ ನೂರು. ಅಲ್ಲಿ ಕೊಟ್ಟಿದ್ದು ನಲವತ್ತೆಂಟು ಥರದ ಸರಣಿಗಳ ಪಟ್ಟಿ. ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಕೂತಾಗ ಆದದ್ದೇನು? ಪಟ್ಟಿಯ ಒಂದನೇ ನಂಬರಿನಿಂದ ಒಂದೊಂದೇ ಹಾಕಿ ನೋಡುತ್ತಾ ಕೂತೆ. ಹದಿನೈದಕ್ಕೆ ಬರುವಷ್ಟರಲ್ಲಿ ಟೈಮು ಮುಗಿದಿತ್ತು.

ಆ ಪರೀಕ್ಷೆಯ ಒಂದು ಸರಣಿ ಇನ್ನೂ ಚುಚ್ಚುತ್ತದೆ. ಅಂಕಿಗಳು ಸುಮಾರಾಗಿ ಹೀಗಿದ್ದವು: 3, 4, 6, 9, 11, 14, 18, 19, ?

ವ್ಯತ್ಯಾಸ ತೆಗೆದೆ. 1, 2, 3. ಖುಷಿಯಾಯಿತು. ಮುಂದೆ 4 ಬರಬೇಕಿತ್ತು, 2 ಬಂತು. ಆಮೇಲೆ 3, 4. ಓಹೋ, 1-2-3 ಆಯಿತು, 2-3-4 ಆಯಿತು, ಇನ್ನು 3-4-5 ಅಂದುಕೊಂಡರೆ ಕೊನೆಯ ವ್ಯತ್ಯಾಸ 1. ತಲೆ ಕೆಟ್ಟು, 1 ಆದ ಮೇಲೆ 2 ಇರಬೇಕು ಅಂತ 21 ಒತ್ತಿದೆ. ಆಯ್ಕೆಗಳಲ್ಲಿ 21 ಇತ್ತು, ಅದೇ ಮೋಸ. ಪ್ರಶ್ನೆ ತೆಗೆಯುವವರಿಗೆ ನಾವು ಎಲ್ಲಿ ಎಡವುತ್ತೇವೆ ಅಂತ ಚೆನ್ನಾಗಿ ಗೊತ್ತು. ನಾಲ್ಕು ನಿಮಿಷವೂ ಹೋಯಿತು, ಮೇಲೆ ಕಾಲು ಅಂಕ ಕಡಿತ.

ಆಮೇಲೆ ಕೋಚಿಂಗ್ ಬಿಟ್ಟೆ. ಬಟವಾಡಿ ಕಡೆ ಯಾರ್ಡಿನಲ್ಲಿ ಒಂದು ಅಡಿಕೆ ಮಂಡಿಗೆ ಅರ್ಧ ದಿನ ಚೀಟಿ ಬರೆಯಲು ಹೋಗುತ್ತಿದ್ದೆ. ಒಂದು ದಿನ ಇಬ್ಬರು ರೈತರ ಮಾಲು ಒಂದೇ ತಕ್ಕಡಿಯಲ್ಲಿ ಸರದಿ ಪ್ರಕಾರ ತೂಗುತ್ತಿದ್ದರು. ಒಬ್ಬರದು ತುಂಬು ಮೂಟೆ, ಇನ್ನೊಬ್ಬರದು ಅರೆಮೂಟೆ. ನಾನು ಎಲ್ಲವನ್ನೂ ಒಂದೇ ಸಾಲಿಗೆ ಬರೆದುಬಿಟ್ಟಿದ್ದೆ. ಹಳೇ ಗುಮಾಸ್ತರು ಚೀಟಿ ನೋಡಿ ಬೈದರು. 'ಎರಡು ಪಾರ್ಟಿ ಕಣಯ್ಯಾ, ಒಂದು ಬಿಟ್ಟು ಒಂದು ಓದು' ಅಂದರು. ನನಗೆ ನೆನಪಾಗಿದ್ದು ಆ ಹಾಳು ಸರಣಿ. ಚೀಟಿ ಮಗುಚಿ ಹಿಂದೆ ಬರೆದೆ. ಬೆಸ ಸ್ಥಾನದಲ್ಲಿ 3, 6, 11, 18. ಸಮ ಸ್ಥಾನದಲ್ಲಿ 4, 9, 14, 19. ಎರಡನೆಯದು ಐದೈದು ಏರುತ್ತದೆ, ಅದು ಬರೀ ಅಡ್ಡಗೋಡೆ. ಮೊದಲನೆಯದು 1, 4, 9, 16ಕ್ಕೆ ಎರಡೆರಡು ಸೇರಿಸಿದ್ದು. ಮುಂದಿನದು 25 ಪ್ಲಸ್ 2, ಅಂದರೆ 27. ಇಷ್ಟೇ!

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಸರಣಿ ಕಂಡ ತಕ್ಷಣ ವ್ಯತ್ಯಾಸ ತೆಗೆಯುವುದಿಲ್ಲ, ಮೊದಲು ಎಣಿಸುತ್ತೇನೆ. ಖಾಲಿ ಜಾಗವೂ ಸೇರಿ ಎಂಟು ಅಥವಾ ಜಾಸ್ತಿ ಇದ್ದರೆ, ಯೋಚನೆ ಮಾಡದೆ ಒಂದು ಬಿಟ್ಟು ಒಂದು ಬರೆಯುತ್ತೇನೆ. ಎರಡು ಸರಣಿ ಹೆಣೆದವರು ಪ್ರತಿಯೊಂದರಲ್ಲೂ ಮೂರು-ನಾಲ್ಕು ಅಂಕಿಯನ್ನಾದರೂ ತೋರಿಸಬೇಕು, ಇಲ್ಲದಿದ್ದರೆ ನಿಯಮವೇ ಗೊತ್ತಾಗುವುದಿಲ್ಲ. ಅದಕ್ಕೇ ಇವು ಉದ್ದ ಇರುತ್ತವೆ. ಆರು ಅಥವಾ ಕಡಿಮೆ ಇದ್ದರೆ ನೇರ ವ್ಯತ್ಯಾಸದ ಸಾಲಿಗೆ. ಏಳು ಇದ್ದರೆ ತಾಪತ್ರಯ. ಒಂದು ಸಾಲು ವ್ಯತ್ಯಾಸ ತೆಗೆದು ನೋಡುವುದು, ಅದು ಏರಿಳಿತ ಆಡಿದರೆ ಬಿಡಿಸುವುದು.

ವ್ಯತ್ಯಾಸದ ಸಾಲು ನಿಮಗೆಲ್ಲ ಗೊತ್ತಿರುವುದೇ. ಆದರೆ ಎರಡನೇ ಸಾಲಿನಲ್ಲಿ ಒಂದೇ ಸಂಖ್ಯೆ ಬಂದಾಗ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ನಾನು ಅದನ್ನು ಅರ್ಧ ಮಾಡುತ್ತೇನೆ.

```
4   11   22   37   56
  7   11   15   19
    4    4    4
```

4ರ ಅರ್ಧ 2. ಅಂದರೆ ಒಳಗೆ ವರ್ಗದ ಎರಡರಷ್ಟು ಕೂತಿದೆ: 2, 8, 18, 32, 50. ಮೇಲಿನ ಸಾಲಿನಿಂದ ಇದನ್ನು ಕಳೆದರೆ ಉಳಿಯುವುದು 2, 3, 4, 5, 6. ಮುಂದಿನದು 72 ಪ್ಲಸ್ 7, ಒಟ್ಟು 79. ವ್ಯತ್ಯಾಸದ ದಾರಿಯಲ್ಲಿ ಬಂದರೂ 56 ಪ್ಲಸ್ 23, ಅದೇ 79. ಎರಡೂ ಕೂಡಿಬಂದರೆ ಧೈರ್ಯವಾಗಿ ಒತ್ತಬಹುದು. ಹತ್ತನೇ ಸಂಖ್ಯೆ ಕೇಳಿದರೆ ಗೆದ್ದ ಹಾಗೆ: 200 ಪ್ಲಸ್ 11, 211. ಸಾಲು ಎಳೆಯುತ್ತಾ ಕೂರಬೇಕಿಲ್ಲ.

ಒಂದು ಎಚ್ಚರ. ಕೆಳಗಿನ ಸಾಲಿಗೆ ಇಳಿಯುವ ಆತುರದಲ್ಲಿ ಮೊದಲ ಸಾಲನ್ನು ಸರಿಯಾಗಿ ನೋಡದೆ ಬಿಡಬಾರದು. 5, 9, 18, 34, 59 ಇದೆ ಅನ್ನಿ. ಎರಡನೇ ಸಾಲು 5, 7, 9, ಮೂರನೆಯದು 2, 2. ನಾನೂ ಮೊದಲು ಹೀಗೇ ಇಳಿಯುತ್ತಿದ್ದೆ. ಮೊದಲ ಸಾಲಿನಲ್ಲೇ 4, 9, 16, 25 ಕೂತು ನಗುತ್ತಿತ್ತು. 36 ಸೇರಿಸಿದರೆ 95, ಮುಗಿಯಿತು.

ಗುಣಾಕಾರದ ಸರಣಿಗೆ ಈ ಸಾಲುಗಳು ಕೆಲಸಕ್ಕೆ ಬರುವುದಿಲ್ಲ. 3, 7, 15, 31, 63 ತೆಗೆದುಕೊಳ್ಳಿ. ಮೊದಲ ಸಾಲು 4, 8, 16, 32. ಎರಡನೆಯದೂ 4, 8, 16. ಮೇಲಿನ ಸಾಲಿನ ಮುಖವೇ ಕೆಳಗೂ ಕಂಡರೆ ಅಲ್ಲೇ ನಿಲ್ಲಿಸಿ, ಎರಡರಿಂದ ಗುಣಿಸಿ ಒಂದು ಸೇರಿಸಿ.

ಇಲ್ಲೇ ರೂಮ್‌ಮೇಟ್ ಜಗಳಕ್ಕೆ ಬಂದಿದ್ದು. 1, 2, 4, 8, 16 ಕೊಟ್ಟು, 'ನಾಲ್ಕು ಸಾಲು ಇಳಿ, ನಿನ್ನ ಲೆಕ್ಕದಲ್ಲಿ ಎಷ್ಟು ಬರುತ್ತೆ ನೋಡು' ಅಂದ. ಇಳಿದೆ. ತಳದಲ್ಲಿ ಒಂದೇ ಒಂದು 1 ಉಳಿಯಿತು. ಅದನ್ನೇ ಮುಂದುವರಿಸಿ ಮೇಲೆ ಬಂದರೆ 31. ಅವನು ಬಿದ್ದು ಬಿದ್ದು ನಕ್ಕ. 32 ಅಲ್ವಾ ಯಾರಾದರೂ ಹೇಳುವುದು! ಆದರೆ 31 ಕೂಡ ಸುಮ್ನೆ ಬಂದಿದ್ದಲ್ಲ. ವೃತ್ತದ ಅಂಚಿನಲ್ಲಿ ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯಿಂದ ಪ್ರತಿ ಚುಕ್ಕಿಗೂ ಗೆರೆ ಎಳೆದರೆ ಒಳಗೆ ಎಷ್ಟು ಭಾಗ ಆಗುತ್ತದೆ ಅಂತ ಎಣಿಸಿ. ಒಂದು ಚುಕ್ಕಿಗೆ 1, ಎರಡಕ್ಕೆ 2, ಆಮೇಲೆ 4, 8, 16. ಊರಿಗೆ ಹೋದಾಗ ಅಂಗಳದಲ್ಲಿ ಸೀಮೆಸುಣ್ಣದಿಂದ ಆರು ಚುಕ್ಕಿ ಇಟ್ಟು ಎಣಿಸಿದರೆ 30 ಬಂತು. ಮೂರು ಸಲ ಎಣಿಸಿದೆ, 30ಯೇ. 'ರಂಗೋಲಿ ಬಿಡೋ ವಯಸ್ಸೇನೋ ನಿಂದು' ಅಂತ ಅಮ್ಮ ನಕ್ಕರು. ಆಮೇಲೆ ಹೊಳೆಯಿತು. ಚುಕ್ಕಿಗಳನ್ನು ಸಮವಾಗಿ ಇಟ್ಟಿದ್ದರಿಂದ ಮೂರು ಉದ್ದ ಗೆರೆ ನಡುವೆ ಒಂದೇ ಕಡೆ ಕೂಡಿದ್ದವು. ಒಂದು ಚುಕ್ಕಿ ಸ್ವಲ್ಪ ಸರಿಸಿದೆ. ನಡುವೆ ಪುಟ್ಟ ತ್ರಿಕೋನ ಬಾಯಿಬಿಟ್ಟಿತು, 31. ಪರೀಕ್ಷೆಯಲ್ಲಿ ಬಂದರೆ ನಾನೂ 32 ಒತ್ತುತ್ತೇನೆ, ಅದು ಬೇರೆ ಮಾತು. ಆದರೆ ಕೊನೆಯ ಸಾಲಿನಲ್ಲಿ ಒಂದೇ ಸಂಖ್ಯೆ ಉಳಿದರೆ ಅದನ್ನು ನಂಬುವುದಿಲ್ಲ. ಕಡೇಪಕ್ಷ ಮೂರು ಸಲ ಅದೇ ಬರಬೇಕು.

ಈಗ ಪಕ್ಕದ ರೂಮಿನ ಮೂವರು ಹುಡುಗರಿಗೆ ತಿಂಗಳಿಗೆ ಮುನ್ನೂರರಂತೆ ಹೇಳಿಕೊಡುತ್ತಿದ್ದೇನೆ. ಸಂಘದ ಸಾಲದಲ್ಲಿ ಇನ್ನು ನಾಲ್ಕು ಸಾವಿರ ಬಾಕಿ ಇದೆ. 'ತಪ್ಪು ಸಂಖ್ಯೆ ಗುರುತಿಸಿ' ಅನ್ನುವ ಪ್ರಶ್ನೆಗೆ ನನ್ನದೊಂದು ಕಿತಾಪತಿ ಇದೆ, ಅದನ್ನು ಸಾಲ ತೀರುವವರೆಗೆ ಪೂರ್ತಿ ಬಿಚ್ಚುವುದಿಲ್ಲ. ಬೇಕಾದರೆ 1, 4, 9, 16, 25, 36ರಲ್ಲಿ 16ನ್ನು 17 ಮಾಡಿ, ಎರಡನೇ ಸಾಲಿಗೆ ಇಳಿದು, ಯಾವ ಮೂರು ಸಂಖ್ಯೆ ಕೆಟ್ಟಿವೆ, ಎಷ್ಟೆಷ್ಟು ಕೆಟ್ಟಿವೆ ಅಂತ ನೋಡಿ.