ಮೂಲ ಫೈಲ್ ಇಲ್ಲದ ಪೋಸ್ಟರ್‌ಗೆ ಕನ್ನಡ ಕೂರಿಸಿದ ಬಗೆ

ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುವವರಿಗೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಬಂದಿರುತ್ತವೆ. "ಇದನ್ನೇ ಕನ್ನಡದಾಗ ಮಾಡಿಕೊಡ್ರಿ ಅಣ್ಣಾ" ಅಂತ ಕೇಳುತ್ತಾರೆ. ಮೂಲ ಫೈಲ್ ಎಲ್ಲಿದೆ ಅಂದರೆ ಯಾರಿಗೂ ಗೊತ್ತಿರುವುದಿಲ್ಲ. ಅಂಥ ಒಂದು ಕೆಲಸವನ್ನು ನಾನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಅದು ಮೆಕ್ಕೆಜೋಳದ ಸೈನಿಕ ಹುಳುವಿನ ಇಂಗ್ಲಿಷ್ ಪೋಸ್ಟರ್. ಈ ಹುಳು 2018ರಲ್ಲಿ ದೇಶದಲ್ಲಿ ಮೊದಲು ಕಾಣಿಸಿಕೊಂಡಿದ್ದೇ ನಮ್ಮ ಕರ್ನಾಟಕದಲ್ಲಿ. ಜಗಳೂರು ಕಡೆಯ ರೈತರ ಗುಂಪೊಂದು ಗೊಬ್ಬರದ ಅಂಗಡಿಗಳಲ್ಲಿ ಅಂಟಿಸಲು ಎ3 ಅಳತೆಯಲ್ಲಿ ಕನ್ನಡದ್ದು ಬೇಕು ಅಂತ ಬಂದಿತ್ತು. ಪೋಸ್ಟರ್ ಹೊರತಂದಿದ್ದ ಸಂಸ್ಥೆಯಿಂದ ಒಪ್ಪಿಗೆ ಪತ್ರ ತರಿಸಿಕೊಂಡೆವು. ಮೂಲ ಫೈಲ್ ಮಾತ್ರ ಅವರ ಹತ್ತಿರವೂ ಇರಲಿಲ್ಲ.

ಅವರು ಒಂದು ಪಿಡಿಎಫ್ ಕಳಿಸಿದರು. ಪಿಡಿಎಫ್ ಅಂದ ಕೂಡಲೇ ಖುಷಿಪಡುವ ಹಾಗಿಲ್ಲ. ಅದನ್ನು ತೆರೆದು 800 ಪರ್ಸೆಂಟ್‌ಗೆ ಜೂಮ್ ಮಾಡಿ ನೋಡಬೇಕು. ಅಕ್ಷರದ ಅಂಚು ನುಣುಪಾಗಿಯೇ ಉಳಿದರೆ ಒಳಗೆ ವೆಕ್ಟರ್ ಇದೆ, ಇಂಕ್‌ಸ್ಕೇಪ್‌ನಲ್ಲಿ ಬಿಚ್ಚಿ ಕೆಲಸ ಮಾಡಬಹುದು. ಅಂಚು ಚೌಕ ಚೌಕವಾಗಿ ಒಡೆದರೆ ಅದು ಪಿಡಿಎಫ್ ಒಳಗೆ ತುರುಕಿದ ಫೋಟೋ ಅಷ್ಟೇ. ನಮ್ಮದು ಒಡೆಯಿತು. ಒಳಗಿದ್ದದ್ದು 1131×1600 ಪಿಕ್ಸೆಲ್‌ನ ಜೆಪೆಗ್. ಎ3 ಹಾಳೆಯಲ್ಲಿ 300 ಡಿಪಿಐಗೆ 3508×4961 ಪಿಕ್ಸೆಲ್ ಬೇಕು. ನಮ್ಮ ಚಿತ್ರವನ್ನು ಹಾಗೇ ಹಿಗ್ಗಿಸಿದರೆ ಸಿಗುವುದು ಸುಮಾರು 97 ಡಿಪಿಐ. ಎರಡು ಅಡಿ ದೂರದಿಂದ ನೋಡುವ ಫೋಟೋಗೆ ಇದು ನಡೆಯುತ್ತದೆ. ಆದರೆ ಅಕ್ಷರ, ಗೆರೆ, ಬಾಣ ಇವೆಲ್ಲ ಮಸುಕಾಗುತ್ತವೆ. ಹಾಗಾಗಿ ಫೋಟೋ ಮಾತ್ರ ಹಳೆಯದು ಇಟ್ಟುಕೊಂಡು ಬಣ್ಣದ ಪಟ್ಟಿ, ಡಬ್ಬಿ, ಬಾಣ, ಅಕ್ಷರ ಎಲ್ಲವನ್ನೂ ಇಂಕ್‌ಸ್ಕೇಪ್‌ನಲ್ಲಿ ಹೊಸದಾಗಿ ಬರೆಯೋಣ ಅಂತ ತೀರ್ಮಾನಿಸಿದೆ.

ಚಿತ್ರಕ್ಕೆ ಕೈ ಹಾಕುವ ಮೊದಲು ಅದರಲ್ಲಿರುವ ಪ್ರತಿ ಬರಹಕ್ಕೂ ಒಂದು ನಂಬರ್ ಕೊಟ್ಟೆ. ಸ್ಪ್ರೆಡ್‌ಶೀಟ್‌ನಲ್ಲಿ ನಂಬರ್, ಇಂಗ್ಲಿಷ್, ಕನ್ನಡ, ಅದು ಕೂರುವ ಜಾಗದ ಅಗಲ, ಹೀಗೆ ನಾಲ್ಕು ಕಾಲಂ ಮಾಡಿಕೊಂಡೆ. ಈ ಹಂತದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಔಷಧಿ ಪ್ರಮಾಣದ ಸಾಲು. ಜೆಪೆಗ್‌ನಲ್ಲಿ ಫೈಲ್ ಗಾತ್ರ ಕುಗ್ಗಿಸಿದಾಗ ಅಕ್ಷರದ ಸುತ್ತ ಸಣ್ಣ ಸಣ್ಣ ಕಲೆ ಏಳುತ್ತವೆ. ದಶಮಾಂಶದ ಚುಕ್ಕಿ ಆ ಕಲೆಗಳಲ್ಲಿ ಒಂದಾಗಿ ಕಳೆದುಹೋಗುತ್ತದೆ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರ್ ನೀರಿಗೆ 0.4 ಗ್ರಾಂ. ಚಿತ್ರದಲ್ಲಿ ಮಾತ್ರ "04" ಅಂತ ಕಾಣುತ್ತಿತ್ತು. ಅದನ್ನು ಯಾರಾದರೂ 4 ಅಂತ ಓದಿಕೊಂಡರೆ ಹತ್ತು ಪಟ್ಟು ಜಾಸ್ತಿ ಔಷಧಿ ಹೊಡೆದ ಹಾಗಾಗುತ್ತದೆ. ಆದ್ದರಿಂದ ಪ್ರಮಾಣದ ಅಂಕಿಗಳನ್ನು ನಾನು ಚಿತ್ರ ನೋಡಿ ಬರೆಯುವುದಿಲ್ಲ. ಔಷಧಿ ಡಬ್ಬಿಯ ಲೇಬಲ್ ತರಿಸಿ, ಕೃಷಿ ಬಲ್ಲವರೊಬ್ಬರಿಂದ ಪ್ರತಿ ಅಂಕಿಗೂ ಸಹಿ ಹಾಕಿಸಿಕೊಂಡ ಮೇಲೆಯೇ ಮುಂದಕ್ಕೆ ಹೋಗುತ್ತೇನೆ.

ಆಮೇಲೆ ಅಳಿಸುವ ಕೆಲಸ. ಬಣ್ಣದ ಪಟ್ಟಿಗಳ ಮೇಲಿದ್ದ ಅಕ್ಷರ ಅಳಿಸುವ ಅಗತ್ಯವೇ ಬರಲಿಲ್ಲ, ಅದೇ ಬಣ್ಣದ ಹೊಸ ಪಟ್ಟಿ ಎಳೆದರೆ ಮುಚ್ಚಿಹೋಗುತ್ತದೆ. ಜೆಪೆಗ್‌ನಲ್ಲಿ ಒಂದೇ ಹಸಿರು ಅಂತ ಕಂಡದ್ದು ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬೇರೆ ಇರುತ್ತದೆ. ಅದಕ್ಕೆ ಬಣ್ಣ ಹೆಕ್ಕುವಾಗ ಗಿಂಪ್‌ನಲ್ಲಿ Sample average ಹಾಕಿಕೊಂಡು ಸರಾಸರಿ ತೆಗೆದುಕೊಳ್ಳುತ್ತೇನೆ.

ಕಷ್ಟ ಇದ್ದದ್ದು ಹುಳುವಿನ ಫೋಟೋದಲ್ಲಿ. ತಲೆಯ ಮೇಲಿನ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಕಪ್ಪು ಚುಕ್ಕಿ, ಇವುಗಳಿಂದಲೇ ರೈತ ಈ ಹುಳುವನ್ನು ಗುರುತಿಸಬೇಕು. ಇಂಗ್ಲಿಷ್ ಬರಹ ಅರ್ಧ ಎಲೆಯ ಮೇಲೆ, ಅರ್ಧ ಹುಳುವಿನ ಮೈಮೇಲೆ ಇತ್ತು. ಎಲೆಯ ಮೇಲಿದ್ದದ್ದನ್ನು ಕ್ಲೋನ್ ಟೂಲ್‌ನಿಂದ ಅಳಿಸಿದೆ. ಅಕ್ಷರದ ಅಂಚಿನಿಂದ ಮೂರ್ನಾಲ್ಕು ಪಿಕ್ಸೆಲ್ ಆಚೆಯವರೆಗೂ ಸೇರಿಸಿ ಅಳಿಸಬೇಕು, ಇಲ್ಲದಿದ್ದರೆ ಹಳೆಯ ಅಕ್ಷರದ ನೆರಳು ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ. ಹುಳುವಿನ ಮೈಮೇಲೆ ಮಾತ್ರ ಕ್ಲೋನ್ ಮಾಡಲೇ ಇಲ್ಲ. ಅಲ್ಲಿ ಪಕ್ಕದ ಚರ್ಮ ತಂದು ಅಂಟಿಸಿದರೆ ಐದನೇ ಚುಕ್ಕಿ ಹುಟ್ಟಬಹುದು, ಇದ್ದ ಚುಕ್ಕಿ ಮಾಯವಾಗಬಹುದು. ನೋಡಲು ಎಷ್ಟೇ ಚೆನ್ನಾಗಿದ್ದರೂ ಆ ಚಿತ್ರ ಸುಳ್ಳು ಹೇಳುತ್ತದೆ ಅಲ್ವಾ? ಅದೇ ಜಾಗದಲ್ಲಿ ಬಿಳಿ ಡಬ್ಬಿ ಇಟ್ಟು ಅದರೊಳಗೆ ಕನ್ನಡ ಬರೆದೆ. ಗುರುತು ಮುಚ್ಚದ ಹಾಗೆ ಡಬ್ಬಿ ಎಷ್ಟು ಚಿಕ್ಕದಿರಬೇಕೋ ಅಷ್ಟು.

ಹೀಗೆ ಅಕ್ಷರವೇ ಇಲ್ಲದ ಫೋಟೋಗಳನ್ನು ತಳದ ಲೇಯರ್‌ನಲ್ಲಿ ಇಟ್ಟು ಲಾಕ್ ಮಾಡಿದೆ. ಕನ್ನಡವೆಲ್ಲ ಮೇಲಿನ ಲೇಯರ್‌ನಲ್ಲಿ, ತಿದ್ದಲು ಬರುವ ಯೂನಿಕೋಡ್ ಅಕ್ಷರವಾಗಿಯೇ. ಅನುವಾದ ಕೆಲವೊಮ್ಮೆ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿ ಬರುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡುತ್ತೇನೆ.

ಇನ್ನು ಕೂರಿಸುವುದು. ಇಂಗ್ಲಿಷ್ ಶೀರ್ಷಿಕೆಗಳೆಲ್ಲ ದೊಡ್ಡಕ್ಷರದಲ್ಲಿದ್ದವು. ಅವಕ್ಕೆ ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ, ಹಾಗಾಗಿ ಪಟ್ಟಿಗಳು ಗಿಡ್ಡ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಕಡೆ ಜಾಗ ಬೇಕು. ಅಕ್ಷರ ಸಣ್ಣ ಮಾಡುವುದು ನನ್ನ ಕೊನೆಯ ಉಪಾಯ. ಮೊದಲು ಮಾತು ಕಡಿಮೆ ಮಾಡುತ್ತೇನೆ, ಆಮೇಲೆ ಪಟ್ಟಿಯನ್ನೇ ಸ್ವಲ್ಪ ಎತ್ತರಿಸುತ್ತೇನೆ, ಅಗಲ ಸಾಲದಿದ್ದರೆ ಅನೇಕ್ ಕನ್ನಡ ಫಾಂಟ್‌ನ ಕಿರಿದಾದ ರೂಪ ಬಳಸುತ್ತೇನೆ. ಅಕ್ಷರವನ್ನು ಅಡ್ಡಡ್ಡ ಹಿಸುಕಿದರೆ ನಿಂತ ಗೆರೆ ತೆಳ್ಳಗಾಗಿ ಮಲಗಿದ ಗೆರೆ ದಪ್ಪಗೇ ಉಳಿಯುತ್ತದೆ. ಆ ಫಾಂಟ್‌ನ ಕಿರಿದು ರೂಪ ಹಾಗಲ್ಲ, ಕಿರಿದಾಗಿಯೇ ಬರೆದದ್ದು. ಸಾಲುಗಳ ನಡುವೆ ಇಂಗ್ಲಿಷ್‌ಗೆ 1.2 ಸಾಕಾದರೆ ಕನ್ನಡಕ್ಕೆ 1.4ರಿಂದ 1.5 ಕೊಡುತ್ತೇನೆ.

ಹುಳುವಿನ ಜೀವನಚಕ್ರದ ನಾಲ್ಕು ಹೆಸರು ಒಂದೇ ಸಾಲಿನಲ್ಲಿದ್ದವು: ಮೊಟ್ಟೆ, ಮರಿಹುಳು, ಕೋಶ, ಪತಂಗ. ನಾಲ್ಕನ್ನೂ ಅವವುಗಳ ಡಬ್ಬಿಯ ನಡುವಿಗೆ ಅಲೈನ್ ಮಾಡಿದರೆ ಮೊಟ್ಟೆ ಮೇಲಕ್ಕೆ ಎಗರುತ್ತದೆ. ಕೆಳಗಿರುವ ಒತ್ತನ್ನೂ ಲೆಕ್ಕಕ್ಕೆ ಹಿಡಿದು ಸಾಫ್ಟ್‌ವೇರ್ ನಡುವನ್ನು ಹುಡುಕುವುದೇ ಅದಕ್ಕೆ ಕಾರಣ. ಆದ್ದರಿಂದ ಒಂದೇ ಸಾಲಿನ ಪದಗಳನ್ನು ಬೇಸ್‌ಲೈನ್‌ಗೆ ಹೊಂದಿಸಬೇಕು. ಇಂಗ್ಲಿಷ್ ಮೂಲದಲ್ಲಿ ಅಕ್ಷರಗಳ ನಡುವೆ ಅಂತರ ಬಿಟ್ಟಿದ್ದರು. ಅದೇ ಅಂತರ ಕನ್ನಡಕ್ಕೂ ಕೊಟ್ಟರೆ "ಕೋ"ದ ದೀರ್ಘ ಕಳಚಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಅಂತರವನ್ನು ಸೊನ್ನೆಗೆ ತಂದೆ. ಚಕ್ರದ ಸುತ್ತ ಬಾಗಿ ಬರೆದಿದ್ದ ಸಾಲನ್ನು ನೇರ ಮಾಡಿ ಕೆಳಗೆ ಇಟ್ಟೆ. ಬಾಗಿದ ದಾರಿಯಲ್ಲಿ ಒತ್ತುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಪ್ರೆಸ್‌ನವರ ಕಂಪ್ಯೂಟರ್‌ನಲ್ಲಿ ನಮ್ಮ ಫಾಂಟ್ ಇರುತ್ತದೆ ಅಂತ ನಂಬುವ ಹಾಗಿಲ್ಲ. ಅಕ್ಷರವನ್ನು ಆಕಾರವಾಗಿ ಬದಲಿಸಿದ ಪಿಡಿಎಫ್ ಅನ್ನೇ ಕಳಿಸಿದೆ:

```
inkscape poster.svg --export-text-to-path --export-filename=press.pdf
```

ಈ ಪಿಡಿಎಫ್ ಆರ್‌ಜಿಬಿ ಬಣ್ಣದಲ್ಲಿರುತ್ತದೆ. ಆಫ್‌ಸೆಟ್‌ಗೆ ಹಾಕುವ ಮುನ್ನ ಸಿಎಂವೈಕೆಗೆ ಬದಲಿಸಲು ಪ್ರೆಸ್‌ನವರಿಗೆ ಹೇಳಬೇಕು, ಹಸಿರು ಸ್ವಲ್ಪ ಮಂಕಾಗುತ್ತದೆ.

ಪಾರ್ಟಿಗೆ ಆ ಪಿಡಿಎಫ್ ಜೊತೆಗೆ ತಿದ್ದಲು ಬರುವ ಎಸ್‌ವಿಜಿ, ಅಕ್ಷರ ಅಳಿಸಿದ ಫೋಟೋಗಳು, ಫಾಂಟ್ ಮತ್ತು ನಂಬರ್ ಹಾಕಿದ ಶೀಟ್ ಕೊಟ್ಟೆ. ಶಿಫಾರಸು ಮಾಡಿದ ಔಷಧಿ ಬದಲಾದರೆ ಇನ್ನು ಆ ಒಂದು ಸಾಲು ತಿದ್ದಿದರೆ ಸಾಕು.