ಸೆಂಟ್ರಿಫ್ಯೂಜ್ ಎಸ್‌ಒಪಿಯನ್ನು ಕನ್ನಡಕ್ಕೆ ತಂದದ್ದು: ನನ್ನ ಅನುಭವ

ಔಷಧ ಕಾರ್ಖಾನೆಯ ಸೆಂಟ್ರಿಫ್ಯೂಜ್ ಮೆಷಿನ್ ನಡೆಸುವ ಕ್ರಮವನ್ನು ಹಂತ ಹಂತವಾಗಿ ಹೇಳುವ ಇಂಗ್ಲಿಷ್ ದಾಖಲೆ, ಅಂದರೆ ಎಸ್‌ಒಪಿ, ನನ್ನ ಕೈಗೆ ಬಂದಾಗ ಅದರ ಜೊತೆ ಕನ್ನಡದ ಒಂದು ಕರಡೂ ಇತ್ತು. ಹೊರಗಿನವರು ಮಾಡಿಕೊಟ್ಟದ್ದು. ಓದೋಕೆ ಚೆನ್ನಾಗೇ ಇತ್ತು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಅಲ್ಲಲ್ಲಿ ಸಡಿಲವಾಗಿತ್ತು.

ಮೆಷಿನ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಈ ಸಡಿಲದ ಅಪಾಯ ತಿಳಿಯುತ್ತದೆ. ಮೆಷಿನ್‌ಗೆ ಬರುವ ಸ್ಲರಿಯಲ್ಲಿ ಔಷಧದ ಹರಳುಗಳ ಜೊತೆ ದ್ರಾವಕ ಇರುತ್ತದೆ. ಮೆಷಿನ್ ಒಳಗಿನ ತೂತುಗಳ ಬಾಸ್ಕೆಟ್ ತಿರುಗಿದಾಗ ದ್ರಾವಕ ಹೊರಗೆ ಹೋಗಿ, ಒಳಗೆ ಒದ್ದೆ ಕೇಕ್ ಉಳಿಯುತ್ತದೆ. ದ್ರಾವಕದ ಆವಿಗೆ ಗಾಳಿ ಸೇರಿ, ಸ್ಟ್ಯಾಟಿಕ್ ಕಿಡಿ ಹಾರಿದರೆ ಬೆಂಕಿ. ಅದಕ್ಕೇ ಒಳಗೆ ನೈಟ್ರೋಜನ್ ತುಂಬಿ ಆಮ್ಲಜನಕ ಇಳಿಸುತ್ತಾರೆ. ನಮ್ಮ ಎಸ್‌ಒಪಿಯಲ್ಲಿ ಮಿತಿ 5%. ಸ್ಲರಿ ಬರುವಾಗಲೂ, ಬಾಸ್ಕೆಟ್ ತಿರುಗುವಾಗಲೂ ನೈಟ್ರೋಜನ್ ನಿಲ್ಲುವ ಹಾಗಿಲ್ಲ.

ಇಂಗ್ಲಿಷ್‌ನಲ್ಲಿ ಸ್ಲರಿ ಬಿಡುವ ಹಂತ ನಾಲ್ಕೈದು ಪದಗಳಲ್ಲೇ ಮುಗಿದಿತ್ತು. ಕರಡಿನಲ್ಲಿ ಹೀಗಿತ್ತು: ‘ನೈಟ್ರೋಜನ್ ಬಿಟ್ಟು ಸ್ಲರಿ ವಾಲ್ವ್ ತೆರೆಯಿರಿ.’ ನೈಟ್ರೋಜನ್ ಹರಿಯಲು ಬಿಟ್ಟು ಅಂತ ಬರೆದವರ ಅರ್ಥ. ನೈಟ್ರೋಜನ್ ಒಂದು ಸಲ ಬಿಟ್ಟಾಯ್ತು, ಇನ್ನು ಸ್ಲರಿ ಅಂತಲೂ ಓದಬಹುದು. ನೈಟ್ರೋಜನ್ ಇಲ್ಲದೆಯೇ ಅಂತ ಓದಿದರೂ ವ್ಯಾಕರಣ ತಪ್ಪಲ್ಲ! ನಾನು ಅದನ್ನು ಎರಡು ವಾಕ್ಯ ಮಾಡಿದೆ: ‘ನೈಟ್ರೋಜನ್ ವಾಲ್ವ್ ತೆರೆದೇ ಇರಬೇಕು. ನೈಟ್ರೋಜನ್ ಹರಿಯುತ್ತಿರುವಾಗಲೇ ಸ್ಲರಿ ವಾಲ್ವ್ ತೆರೆಯಿರಿ.’ ಉದ್ದ ಆಯ್ತು, ಆಗಲಿ.

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಡೆ ಇತ್ತು. ‘ಸ್ಲರಿ ವಾಲ್ವ್ ಮುಚ್ಚಿ ವೇಗ ಹೆಚ್ಚಿಸಿ ದ್ರಾವಕ ಬರುವುದು ನಿಂತಿದೆಯೇ ನೋಡಿ.’ ಇಲ್ಲಿ ‘ಮುಚ್ಚಿ’ ಅಂದರೆ ಮುಚ್ಚಿರಿ ಅನ್ನೋ ಆದೇಶವೋ, ಮುಚ್ಚಿಕೊಂಡು ಅನ್ನೋ ಅರ್ಧ ಮಾತೋ? ಕನ್ನಡದಲ್ಲಿ ಎರಡಕ್ಕೂ ರೂಪ ಒಂದೇ. ಮೂರು ಕೆಲಸ ಒಂದೇ ಉಸಿರಿನಲ್ಲಿ ಬಂದರೆ ನಡುವಿನದು ಜಾರಿಹೋಗುತ್ತದೆ. ಹಾಗಾಗಿ ಒಂದು ಸಾಲಿಗೆ ಒಂದೇ ಕೆಲಸ ಅಂತ ಗೆರೆ ಹಾಕಿಕೊಂಡೆ. ಆದರೆ ಹಂತದ ಸಂಖ್ಯೆ ಬದಲಿಸುವಂತಿಲ್ಲ, ಬ್ಯಾಚ್ ರೆಕಾರ್ಡ್‌ನಲ್ಲಿ ಸಹಿ ಬೀಳುವುದು ಆ ಸಂಖ್ಯೆಯ ಎದುರಿಗೇ. ಗುಣಮಟ್ಟ ನೋಡುವ ಕ್ಯೂಎ ವಿಭಾಗದ ಒಪ್ಪಿಗೆ ಪಡೆದು, ಈ ಹಂತದ ಸಂಖ್ಯೆ 6.7ರ ಕೆಳಗೇ ಅ, ಆ, ಇ ಅಂತ ಒಡೆದೆ.

ಮುಚ್ಚಳ ತೆರೆಯುವ ಹಂತದಲ್ಲಿ ‘ಬಾಸ್ಕೆಟ್ ನಿಂತ ನಂತರ ತೆರೆಯಿರಿ’ ಅಂತಿತ್ತು. ಮೂಲದಲ್ಲಿ ಅದು ಬರೀ ನಂತರ ಅಲ್ಲ, ಷರತ್ತು. ‘ಬಾಸ್ಕೆಟ್ ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯಬಾರದು’ ಅಂತ ಮಾಡಿದೆ. ‘ಪೂರ್ತಿ’ ಬಿಟ್ಟರೆ, ನಿಧಾನ ಆಗಿದೆ ಸಾಕು ಅಂತ ಕೈ ಹಾಕುವವರು ಇದ್ದೇ ಇರುತ್ತಾರೆ.

ಎಚ್ಚರಿಕೆಯ ವಿಷಯಕ್ಕೆ ಬಂದರೆ, ಮೂಲವೇ ಮೆತ್ತಗಿತ್ತು. ಮುಚ್ಚಳ ತೆರೆಯುವಾಗ ಎಚ್ಚರದಿಂದಿರಿ, ಒಳಗೆ ನೈಟ್ರೋಜನ್ ಇರಬಹುದು, ಅಷ್ಟೇ. ಅದೂ ತೆರೆಯುವ ಹಂತ ಮುಗಿದ ಮೇಲೆ! ಬೆಂಕಿ ತಡೆಯುವ ಅದೇ ನೈಟ್ರೋಜನ್ ಒಳಗೆ ತಲೆ ಹಾಕಿದವರ ಉಸಿರು ಕಟ್ಟಿಸುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮುನ್ಸೂಚನೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಕನ್ನಡದಲ್ಲಿ ನಾನೇ ಖಾರ ಮಾಡಬಹುದಿತ್ತು. ಮಾಡಲಿಲ್ಲ. ಅನುವಾದದಲ್ಲಿ ಮಾತ್ರ ಬದಲಾದರೆ ಎರಡು ಎಸ್‌ಒಪಿ ಆಗುತ್ತವೆ, ಅಲ್ವಾ? ಮೂಲ ದಾಖಲೆ ಬದಲಿಸಲು ಬೇಕಾದ ಚೇಂಜ್ ಕಂಟ್ರೋಲ್ ಹಾಕಿಸಿ ಸುರಕ್ಷತಾ ವಿಭಾಗದವರನ್ನು ಕೇಳಿದೆ. ‘ಇರಬಹುದು’ ಅಲ್ಲ, ಇದ್ದೇ ಇರುತ್ತೆ ಅಂದರು. ಮೊದಲು ಇಂಗ್ಲಿಷ್ ತಿದ್ದಿದರು, ಎಚ್ಚರಿಕೆಯನ್ನು ಹಂತದ ಮೇಲಕ್ಕೆ ತಂದರು. ಆಮೇಲೆ ಕನ್ನಡ: ‘ಎಚ್ಚರಿಕೆ: ಒಳಗೆ ನೈಟ್ರೋಜನ್ ಇರುತ್ತದೆ. ಉಸಿರುಗಟ್ಟಿ ಸಾವು ಸಂಭವಿಸಬಹುದು. ತಲೆ ಒಳಗೆ ಹಾಕಬಾರದು.’ ‘ದಯವಿಟ್ಟು’ ಎಲ್ಲಿದ್ದರೂ ಹೊಡೆದು ಹಾಕಿದೆ.

ಪ್ಯಾನೆಲ್ ಮೇಲಿನ START, STOP, O2 ಹಾಗೇ ಉಳಿದವು. ಕಣ್ಣಿಗೆ ಕಾಣುವುದನ್ನೇ ಕಾಗದದಲ್ಲೂ ಬರೆಯಬೇಕು.

ಪರೀಕ್ಷೆಗೆ ಎರಡು ದಾರಿ ಹಿಡಿದೆ. ಮೂಲ ಇಂಗ್ಲಿಷ್ ನೋಡದ ಒಬ್ಬರಿಂದ ಕನ್ನಡವನ್ನು ಮತ್ತೆ ಇಂಗ್ಲಿಷ್‌ಗೆ ಅನುವಾದ ಮಾಡಿಸಿ ಮೂಲದ ಪಕ್ಕ ಇಟ್ಟು ನೋಡಿದೆ. ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು. ನಿಂತಿದ್ದ ಖಾಲಿ ಮೆಷಿನ್ ಮುಂದೆ ಆಪರೇಟರ್ ಒಬ್ಬರು ಜೋರಾಗಿ ಓದುತ್ತಾ, ಏನನ್ನೂ ತಿರುಗಿಸದೆ, ಮುಟ್ಟಬೇಕಾದದ್ದನ್ನು ಬೆರಳಿಂದ ತೋರಿಸಬೇಕು. ಹಳೆ ಕರಡಿನ ‘ನೈಟ್ರೋಜನ್ ಬಿಟ್ಟು’ ಓದಿದಾಗ ಅವರ ಬೆರಳು ನೈಟ್ರೋಜನ್ ವಾಲ್ವ್ ಮೇಲೆ ಹೋಗಿ ನಿಂತಿತು. ‘ಸರ್, ಇದನ್ನ ಈಗ ಬಂದ್ ಮಾಡ್ಬೇಕಾ?’ ಅಂತ ಕೇಳಿದರು. ಹೊಸ ಸಾಲು ಕೊಟ್ಟಾಗ ಬೆರಳು ನೇರ ಸ್ಲರಿ ವಾಲ್ವ್‌ಗೆ ಹೋಯಿತು.

ಈಗ ಎರಡೂ ಭಾಷೆಯ ಪ್ರತಿಗಳಿಗೆ ಒಂದೇ ಆವೃತ್ತಿ ಸಂಖ್ಯೆ. ಇಂಗ್ಲಿಷ್ ಬದಲಾದರೆ, ಕನ್ನಡದ ಹೊಸ ಪ್ರತಿಗೆ ಒಪ್ಪಿಗೆ ಸಿಗುವವರೆಗೆ ಎರಡು ಹೊಸ ಪ್ರತಿಗಳನ್ನೂ ಜಾರಿಗೆ ತರುವುದಿಲ್ಲ.